ಕೊನೆ ದಿನ ಆಗಸ್ಟ್ 31 ಅಂತ ಹಾಕಿದ್ದೆವು, ಸೆಪ್ಟೆಂಬರ್ 1ರ ಅರ್ಜಿಗೂ 31ರ ರಸೀದಿ ಕೊಟ್ಟಿದೆ ಸರ್ವರ್! ಏನು ಮಾಡೋದು?

ಕಚೇರಿ_ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಟ್ರಸ್ಟ್‌ನ ಕಚೇರಿ ಕೆಲಸ ನೋಡಿಕೊಳ್ಳುತ್ತೇನೆ. ಪಿಯುಸಿ, ಡಿಗ್ರಿ ಓದುವ ಮಕ್ಕಳಿಗೆ ವರ್ಷಕ್ಕೊಮ್ಮೆ ವಿದ್ಯಾರ್ಥಿವೇತನ ಕೊಡುತ್ತೇವೆ. ಅರ್ಜಿ ಆನ್‌ಲೈನ್. ಸಾಫ್ಟ್‌ವೇರ್ ನಾನು ಬರುವ ಮೊದಲೇ ಯಾರೋ ಬರೆದುಕೊಟ್ಟಿದ್ದು. ನೋಡ್ ಮತ್ತು ಮೈಎಸ್‌ಕ್ಯೂಎಲ್. ಕೋಡ್ ಓದಿದರೆ ಅಲ್ಪಸ್ವಲ್ಪ ಅರ್ಥವಾಗುತ್ತದೆ, ಅಷ್ಟೇ.

ಹೋದ ವರ್ಷ ಕೊನೆ ದಿನಾಂಕ ಆಗಸ್ಟ್ 31 ಅಂತ ಹಾಕಿದ್ದೆವು. 31ರ ಬೆಳಿಗ್ಗೆ ಐದೂವರೆಗೇ ಫಾರಂ ಬಂದ್ ಆಯಿತು. ಕೊನೆ ದಿನ ಹಾಕೋಣ ಅಂತ ಕೂತ ಮಕ್ಕಳಿಗೆಲ್ಲ "ಅವಧಿ ಮುಗಿದಿದೆ" ಅಂತ ಬಂತು. ಬರೆದುಕೊಟ್ಟ ಹುಡುಗನಿಗೆ ಫೋನ್ ಮಾಡಿದರೆ "ಒಂದು ದಿನ ಮುಂದೆ ಹಾಕ್ಕೊಳ್ಳಿ ಸರ್, ಸರಿಯಾಗುತ್ತೆ" ಅಂದ.

ಈ ವರ್ಷ ಹಾಗೇ ಸೆಪ್ಟೆಂಬರ್ 1 ಹಾಕಿದೆವು. ಪ್ರಕಟಣೆಯಲ್ಲಿ ಮಾತ್ರ ಆಗಸ್ಟ್ 31 ಅಂತಲೇ ಇತ್ತು. ಈಗ ಬೇರೆ ತಕರಾರು. ಒಬ್ಬಳು ಹುಡುಗಿ ಸೆಪ್ಟೆಂಬರ್ 1ರ ಬೆಳಗಿನ ಜಾವ 2:10ಕ್ಕೆ ಅರ್ಜಿ ಹಾಕಿದ್ದಾಳೆ. ಅವಳ ಮೊಬೈಲಿಗೆ ಹೋದ ಎಸ್‌ಎಂಎಸ್ 2:10ಕ್ಕೇ ಬಂದಿದೆ. ಆದರೆ ನಮ್ಮ ಸ್ವೀಕೃತಿ ಪತ್ರದಲ್ಲಿ ಅಚ್ಚಾಗಿರುವುದು `31-08-2025 20:40`. ಅಂದರೆ 31ರ ರಾತ್ರಿ ಎಂಟೂ ನಲವತ್ತು! ಸಮಿತಿಯ ಒಬ್ಬರು "ತಡವಾಗಿದೆ, ತೆಗೆದುಹಾಕಿ" ಅನ್ನುತ್ತಾರೆ. ಹುಡುಗಿಯ ಅಪ್ಪ ಸ್ವೀಕೃತಿ ಪತ್ರ ಹಿಡಿದುಕೊಂಡು ಬಂದು "31 ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ" ಅಂತ ಕೂತಿದ್ದಾರೆ. ಇಂಥವು ಇನ್ನೂ ಐದಾರು ಅರ್ಜಿ ಇವೆ.

ಇದು ಯಾಕೆ ಹೀಗಾಗುತ್ತೆ, ಮುಂದಿನ ವರ್ಷಕ್ಕೆ ಸರಿ ಮಾಡೋದು ಹೇಗೆ, ಈ ಅರ್ಜಿಗಳನ್ನು ಎಂತ ಮಾಡೋದು? ಗೊತ್ತಿದ್ದವರು ಹೇಳಿ.

ಅಡಿಕೆತೋಟ

ಬಹಳ ಸುಲಭ ಸರ್. ಸರ್ವರ್ ಟೈಮ್ ಯುಟಿಸಿಯಲ್ಲಿದೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಟೈಮಿನಲ್ಲಿ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸರ್ವರನ್ನೇ ಇಂಡಿಯಾ ಟೈಮಿಗೆ ತಂದುಬಿಡಿ. ಒಂದೇ ಕಮಾಂಡ್:

```
sudo timedatectl set-timezone Asia/Kolkata
```

ಸರ್ವರನ್ನು ಒಂದು ಸಲ ರೀಸ್ಟಾರ್ಟ್ ಮಾಡಿ. ಮುಗೀತು.

ಗಾಜನೂರು ಕಾಲುವೆ

ಸರ್ವರ್ ಎಲ್ಲಿದೆ? ಅಮೆರಿಕದಲ್ಲೋ ಸಿಂಗಾಪುರದಲ್ಲೋ ಇದ್ದರೆ ಮುಂಬೈಗೆ ಬದಲಾಯಿಸಿ. ಟೈಮೂ ಸರಿಯಾಗುತ್ತೆ, ಪೇಜೂ ಬೇಗ ತೆರೆಯುತ್ತೆ.

ಆಗುಂಬೆ ಮಳೆ

ನನಗೂ ಇದೇ ಸಮಸ್ಯೆ. ಕರೆಂಟ್ ಹೋಗಿ ಟವರ್ ಸತ್ತು ಮತ್ತೆ ಬಂದಾಗ ಮೊಬೈಲ್ ಟೈಮ್ ಹಿಂದೆಮುಂದೆ ಆಗಿರುತ್ತೆ. ಸೆಟ್ಟಿಂಗ್ಸಲ್ಲಿ ಆಟೋಮ್ಯಾಟಿಕ್ ಡೇಟ್ ಅಂಡ್ ಟೈಮ್ ಆನ್ ಮಾಡಿ. ಆ ಹುಡುಗಿಯ ಮೊಬೈಲಲ್ಲೂ ಅದೇ ಆಗಿರಬೇಕು.

ಕಚೇರಿ_ತೀರ್ಥಹಳ್ಳಿ

@ಆಗುಂಬೆ ಮಳೆ, ಅವಳ ಮೊಬೈಲ್ ಸರಿಯಾಗಿಯೇ ಇದೆ. ತಪ್ಪು ಇರೋದು ನಮ್ಮ ಸರ್ವರ್ ಕಡೆ.

@ಗಾಜನೂರು ಕಾಲುವೆ, ಸರ್ವರ್ ಈಗಲೇ ಮುಂಬೈಯಲ್ಲಿದೆ!

ಹಿನ್ನೀರು

ಮುಂಬೈಯಲ್ಲಿದ್ದರೂ ಯುಟಿಸಿಯಲ್ಲೇ ಇರುತ್ತೆ. ಕ್ಲೌಡ್‌ನಲ್ಲಿ ಲಿನಕ್ಸ್ ಮೆಷಿನ್ ತೆಗೆದುಕೊಂಡರೆ ಅದು ಯಾವ ಊರಿನಲ್ಲಿದ್ದರೂ ಸಾಮಾನ್ಯವಾಗಿ ಯುಟಿಸಿ ಇಟ್ಟೇ ಕೊಡುತ್ತಾರೆ. ಪೆಟ್ಟಿಗೆ ಎಲ್ಲಿದೆ ಅನ್ನೋದಕ್ಕೂ ಅದರ ಗಡಿಯಾರದ ಸೆಟ್ಟಿಂಗಿಗೂ ಸಂಬಂಧ ಇಲ್ಲ.

ಅಡಿಕೆತೋಟ ಅವರ ಕಮಾಂಡ್ ಹಾಕಬೇಡಿ, ಸ್ವಲ್ಪ ತಡೀರಿ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆ ಇದ್ದ ಹಾಗೆ ಕಾಣುತ್ತೆ. ಸ್ವೀಕೃತಿಯಲ್ಲಿ 20:40 ಬಂದಿದ್ದು ಒಂದು. ಐದೂವರೆಗೆ ಫಾರಂ ಬಂದ್ ಆಗಿದ್ದು ಇನ್ನೊಂದು. ಮೂಲ ಒಂದೇ ಆದರೂ ಮದ್ದು ಬೇರೆ. ಎರಡು ವಿಷಯ ಹೇಳಿ. ಕೋಡಿನಲ್ಲಿ ಕೊನೆ ದಿನಾಂಕ ಹೋಲಿಸುವ ಸಾಲು ಹೇಗಿದೆ? ಟೇಬಲಿನಲ್ಲಿ ಅರ್ಜಿ ಬಂದ ಸಮಯದ ಕಾಲಂ `DATETIME` ಇದೆಯಾ `TIMESTAMP` ಇದೆಯಾ? ಜೊತೆಗೆ ಇದನ್ನು ಓಡಿಸಿ ಏನು ಬರುತ್ತೆ ನೋಡಿ:

```
SELECT @@session.time_zone, NOW(), UTC_TIMESTAMP();
```

ಪಂಚಾಂಗದ ಮಾವ

ನಿಮ್ಮ ಸರ್ವರ್ ನಮ್ಮ ಶಾಸ್ತ್ರ ಓದಿಕೊಂಡಿದೆ ಬಿಡಿ. ಪಂಚಾಂಗದ ಪ್ರಕಾರ ವಾರ ಬದಲಾಗೋದು ಸೂರ್ಯೋದಯಕ್ಕೇ ಹೊರತು ನಡುರಾತ್ರಿಗಲ್ಲ. ಬೆಳಗಿನ ಜಾವ 2:10 ಅಂದರೆ ಇನ್ನೂ ಹಿಂದಿನ ದಿನವೇ. ಹುಡುಗಿಯ ಅರ್ಜಿ ಸಕಾಲಕ್ಕೇ ಬಂದಿದೆ!

ಅಡಿಕೆತೋಟ

ಹ್ಹಹ್ಹ, ಮಾವ, ಸಮಿತಿಯವರಿಗೆ ಇದನ್ನೇ ಬರೆದು ಕಳಿಸಿ.

@ಹಿನ್ನೀರು, ಯಾಕೆ ಹಾಕಬಾರದು? ನಮ್ಮ ಆಫೀಸಿನ ಸರ್ವರ್ ಶುರುವಿನಿಂದಲೂ ಇಂಡಿಯಾ ಟೈಮಿನಲ್ಲೇ ಇದೆ. ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಕಚೇರಿ_ತೀರ್ಥಹಳ್ಳಿ

ನೋಡಿದೆ. ಕಾಲಂ `submitted_at`, ಬಗೆ `DATETIME`. ಆ ಪ್ರಶ್ನೆಗೆ ಬಂದ ಉತ್ತರದಲ್ಲಿ ಮೊದಲನೆಯದು `SYSTEM` ಅಂತ ಇದೆ. ಉಳಿದ ಎರಡೂ ಒಂದೇ ಸಮಯ ತೋರಿಸುತ್ತವೆ. ನನ್ನ ಗಡಿಯಾರದಲ್ಲಿ ಸಂಜೆ 6:50, ಅಲ್ಲಿ 13:20. ಕೋಡಿನ ಸಾಲು ಇದು:

```
const last = new Date("2025-09-01");
if (new Date() > last) return closed();
```

ಹಿನ್ನೀರು

ಸಿಕ್ಕಿತು. ನಿಧಾನವಾಗಿ ಹೇಳುತ್ತೇನೆ.

ಮೊದಲು ಫಾರಂ ಬಂದ್ ಆಗಿದ್ದು. ಜಾವಾಸ್ಕ್ರಿಪ್ಟಿಗೆ ಗಂಟೆ ನಿಮಿಷ ಇಲ್ಲದೆ ಬರೀ `"2025-09-01"` ಕೊಟ್ಟರೆ ಅದು ಯುಟಿಸಿಯ ಮಧ್ಯರಾತ್ರಿ ಅಂತಲೇ ತಿಳಿಯುತ್ತೆ. ಯುಟಿಸಿಯ ಮಧ್ಯರಾತ್ರಿ ಅಂದರೆ ನಮ್ಮಲ್ಲಿ ಬೆಳಿಗ್ಗೆ 5:30. ಹೋದ ವರ್ಷ 31 ಹಾಕಿದ್ದಕ್ಕೆ 31ರ ಬೆಳಿಗ್ಗೆ 5:30ಕ್ಕೆ ಬಾಗಿಲು ಹಾಕಿತು. ಈ ವರ್ಷ 1 ಹಾಕಿದ್ದಕ್ಕೆ 1ರ ಬೆಳಿಗ್ಗೆ 5:30ರವರೆಗೂ ತೆರೆದಿತ್ತು. ನಿಮಗೆ ಬೇಕಾಗಿದ್ದು ಇವೆರಡರ ನಡುವೆ, 31 ಮುಗಿದು 1 ಹುಟ್ಟುವ ಗಳಿಗೆ. ದಿನಾಂಕ ಹಿಂದೆಮುಂದೆ ಮಾಡಿ ಅದನ್ನು ಮುಟ್ಟೋಕೆ ಆಗೋದೇ ಇಲ್ಲ.

ಇಲ್ಲಿ ಅಡಿಕೆತೋಟ ಅವರಿಗೆ ಒಂದು ಮಾತು. ಸರ್ವರನ್ನು ಇಂಡಿಯಾ ಟೈಮಿಗೆ ಬದಲಾಯಿಸಿದರೂ ಈ ಸಾಲು ಹಾಗೇ ಇರುತ್ತೆ. ಬರೀ ದಿನಾಂಕ ಇದ್ದರೆ ಮೆಷಿನ್ ಯಾವ ಕಾಲವಲಯದಲ್ಲಿದೆ ಅಂತ ಜಾವಾಸ್ಕ್ರಿಪ್ಟ್ ನೋಡೋದಿಲ್ಲ. ನಿಮ್ಮ ಕಮಾಂಡ್ ಹಾಕಿದ ಮೇಲೂ ಫಾರಂ ಮುಚ್ಚೋದು 5:30ಕ್ಕೇ.

ತಮಾಷೆ ಏನಂದ್ರೆ, ಅದೇ ದಿನಾಂಕಕ್ಕೆ `T00:00:00` ಅಂತ ಸೇರಿಸಿದರೆ ಆಗ ಮೆಷಿನ್ ಇರುವ ವಲಯದ ಮಧ್ಯರಾತ್ರಿ ಅಂತ ತಿಳಿಯುತ್ತೆ. ಒಂದೇ ಫಂಕ್ಷನ್, ಎರಡು ನಿಯಮ. ಬರೆದವರ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಕಂಡು ಸರ್ವರಿನಲ್ಲಿ ಕೈಕೊಡೋದು ಹೀಗೇ. ಅದಕ್ಕೇ ವಲಯವನ್ನೂ ಬಾಯಿಬಿಟ್ಟು ಹೇಳಿಬಿಡಬೇಕು:

```
const last = new Date("2025-09-01T00:00:00+05:30");
if (Date.now() >= last.getTime()) return closed();
```

ಸರ್ವರ್ ಎಲ್ಲೇ ಇರಲಿ, ಅದರ ವಲಯ ಯಾವುದೇ ಇರಲಿ, ಇದು 31ರ ರಾತ್ರಿ ಹನ್ನೆರಡಕ್ಕೇ ಮುಚ್ಚುತ್ತೆ. 23:59 ಅಂತ ಬರೆಯಬೇಡಿ. ಬರೆದರೆ 11 ಗಂಟೆ 59 ನಿಮಿಷ 30 ಸೆಕೆಂಡಿಗೆ ಒತ್ತಿದವರು ಹೊರಗೆ ಉಳಿಯುತ್ತಾರೆ. ಕೊನೆಯ ನಿಮಿಷದಲ್ಲೇ ಒತ್ತುವವರು ಜಾಸ್ತಿ ಅಲ್ವಾ!

ಹೋಂಸ್ಟೇ ಅಕ್ಕ

ಅಯ್ಯೋ, ನಮ್ಮ ಮನೆಯ ಕಥೆಯೂ ಇದೇ ಇರಬೇಕು. ಹೊಸನಗರದ ಹತ್ತಿರ ನಮ್ಮದು ಹೋಂಸ್ಟೇ. ಬುಕ್ಕಿಂಗ್ ಪೇಜನ್ನು ಅಳಿಯ ಮಾಡಿಕೊಟ್ಟಿದ್ದಾನೆ. ಗೆಸ್ಟ್ ಕ್ಯಾಲೆಂಡರಿನಲ್ಲಿ 14 ಒತ್ತಿದರೆ ನಮ್ಮ ಪಟ್ಟಿಯಲ್ಲಿ 13 ಅಂತ ಬರುತ್ತೆ. ನಾವು 13ಕ್ಕೆ ಕಡುಬು ಬೇಯಿಸಿಕೊಂಡು ಕೂತರೆ ಅವರು ಬರೋದೇ ಇಲ್ಲ. ಮಾರನೇ ದಿನ ಬಂದರೆ ರೂಮಿಲ್ಲ. ಇದಕ್ಕೂ ನಿಮ್ಮ ಐದೂವರೆ ಗಂಟೆಯೇ ಕಾರಣವಾ?

ಹಿನ್ನೀರು

ಹೌದು ಅಕ್ಕ, ಆದರೆ ದಿಕ್ಕು ತಿರುಗಾಮುರುಗಾ. ಕ್ಯಾಲೆಂಡರಿನಲ್ಲಿ 14 ಒತ್ತಿದಾಗ ಗೆಸ್ಟ್ ಮೊಬೈಲು ಅದನ್ನು ನಮ್ಮ ಕಡೆಯ 14ರ ಮಧ್ಯರಾತ್ರಿ ಅಂತ ಇಟ್ಟುಕೊಳ್ಳುತ್ತೆ. ಆ ಗಳಿಗೆಗೆ ಯುಟಿಸಿಯಲ್ಲಿ ಇನ್ನೂ 13ರ ಸಂಜೆ 18:30. ಕಳಿಸುವಾಗ `toISOString()` ಮಾಡಿ ಮೊದಲ ಹತ್ತು ಅಕ್ಷರ ಕತ್ತರಿಸಿಕೊಂಡರೆ 13 ಉಳಿಯುತ್ತೆ. ಅಳಿಯನಿಗೆ ಇದನ್ನೇ ಹುಡುಕೋಕೆ ಹೇಳಿ. ರೂಮಿನ ದಿನಾಂಕಕ್ಕೆ ಗಂಟೆ, ವಲಯ ಯಾವುದೂ ಬೇಡ. 14 ಅಂದರೆ 14 ಅಂತ ಬರೀ ಅಕ್ಷರವಾಗಿಯೇ ಕಳಿಸಿದರೆ ಸಾಕು.

ಹೋಂಸ್ಟೇ ಅಕ್ಕ

ಹೇಳ್ತೀನಿ. ಅವನು ಗೆಸ್ಟ್‌ಗಳೇ ತಪ್ಪು ಒತ್ತುತ್ತಾರೆ ಅಂತಿದ್ದ!

ಅಡಿಕೆತೋಟ

ಸರಿ, ಫಾರಂ ವಿಷಯ ಒಪ್ಪಿದೆ. ಆದರೆ ಸ್ವೀಕೃತಿಯ ಸಮಯ ಸರಿ ಮಾಡೋಕೆ ನನ್ನ ಕಮಾಂಡೇ ಸಾಕಲ್ವಾ? `NOW()` ಸರ್ವರ್ ಟೈಮನ್ನೇ ತಗೊಳ್ಳುತ್ತೆ.

ಹಿನ್ನೀರು

ತಗೊಳ್ಳುತ್ತೆ, ತೊಂದರೆಯೂ ಅಲ್ಲೇ. ಅವರ ಕಾಲಂ `DATETIME`. ಅದು ಬರೆದಿದ್ದನ್ನು ಹಾಗೇ ಇಟ್ಟುಕೊಳ್ಳುತ್ತೆ, ವಲಯ ಯಾವುದು ಅಂತ ನೆನಪಿಟ್ಟುಕೊಳ್ಳೋದಿಲ್ಲ. ಇವತ್ತು ಸರ್ವರ್ ಬದಲಾಯಿಸಿದರೆ ಇವತ್ತಿನವರೆಗಿನ ಸಾಲುಗಳು ಯುಟಿಸಿಯಲ್ಲಿ, ಇವತ್ತಿನಿಂದಾಚೆ ಇಂಡಿಯಾ ಟೈಮಿನಲ್ಲಿ. ಒಂದೇ ಕಾಲಂ, ಎರಡು ಲೆಕ್ಕ, ನಡುವೆ ಗೆರೆಯೂ ಇಲ್ಲ. ಮುಂದಿನ ವರ್ಷ ಆಡಿಟ್‌ಗೆ ಕೂತವರಿಗೆ ಯಾವ ಸಾಲು ಯಾವುದರಲ್ಲಿದೆ ಅಂತ ಗೊತ್ತಾಗಬೇಕಲ್ಲ? `TIMESTAMP` ಆಗಿದ್ದರೆ ಮೈಎಸ್‌ಕ್ಯೂಎಲ್ ಒಳಗೆ ಯುಟಿಸಿಯಲ್ಲಿಟ್ಟು, ಕೇಳುವವರ ವಲಯಕ್ಕೆ ತಿರುಗಿಸಿ ಕೊಡುತ್ತಿತ್ತು.

ನಿಮ್ಮ ಆಫೀಸಿನಲ್ಲಿ ಏನೂ ಆಗಿಲ್ಲ ಅಂದಿರಿ, ನಂಬುತ್ತೇನೆ. ಶುರುವಿನಿಂದಲೇ ಇಂಡಿಯಾ ಟೈಮಿದ್ದು ಎಲ್ಲರೂ ಇಲ್ಲಿಯವರೇ ಆದರೆ ನಡೆಯುತ್ತೆ. ನಮ್ಮಲ್ಲಿ ಗಡಿಯಾರ ಹಿಂದೆಮುಂದೆ ಮಾಡುವ ಪದ್ಧತಿ ಇಲ್ಲ, ಅದೊಂದು ಪುಣ್ಯ. ಮಧ್ಯದಲ್ಲಿ ಬದಲಾಯಿಸೋದು ಬೇಡ ಅಂತ ಮಾತ್ರ ಹೇಳಿದ್ದು.

ನೈಟ್ ಶಿಫ್ಟ್ ಸಾಗರ

ಆ ಪುಣ್ಯ ನಮಗಿಲ್ಲ ಮಾರಾಯ್ರೆ. ನಾನು ಸಾಗರದಲ್ಲಿ ಮನೆಯಿಂದಲೇ ಕೆಲಸ ಮಾಡೋದು, ಕ್ಲೈಂಟ್ ನ್ಯೂಯಾರ್ಕ್ ಕಡೆಯವರು. ದಿನದ ಕೆಲಸ ಅವರ ಸಂಜೆ 5ರೊಳಗೆ ಅಪ್‌ಲೋಡ್ ಆಗಬೇಕು. ಹಳೆಯ ಸ್ಕ್ರಿಪ್ಟಿನಲ್ಲಿ ಯಾರೋ "ಹತ್ತೂವರೆ ಗಂಟೆ ಸೇರಿಸು" ಅಂತ ಬರೆದಿಟ್ಟಿದ್ದರು. ಚಳಿಗಾಲದಲ್ಲಿ ಅದು ಸರಿ. ಅವರ 5 ಅಂದರೆ ನಮ್ಮ ಬೆಳಗಿನ ಜಾವ 3:30. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ, ಈ ವರ್ಷ ಅದು ಮಾರ್ಚ್ 9. ಆಮೇಲೆ ಅಂತರ ಒಂಬತ್ತೂವರೆ ಗಂಟೆ ಮಾತ್ರ. ಗಡುವು 2:30ಕ್ಕೇ ಮುಗಿದಿರುತ್ತೆ, ನಮ್ಮ ಸ್ಕ್ರೀನ್ ಇನ್ನೂ ಒಂದು ಗಂಟೆ ಇದೆ ಅಂತ ತೋರಿಸುತ್ತಿರುತ್ತೆ. ಸೋಮವಾರ ಇಡೀ ತಂಡಕ್ಕೆ ಮಂಗಳಾರತಿ.

ಅದಕ್ಕೇ ಅಂಕಿ ಬರೆಯಬೇಡಿ, ಊರಿನ ಹೆಸರು ಬರೆಯಿರಿ. `America/New_York` ಅಂದರೆ ಯಾವಾಗ ಎಷ್ಟು ಅಂತ ಅದಕ್ಕೇ ಗೊತ್ತಿರುತ್ತೆ.

ಶಂಕರಘಟ್ಟ

ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಕಡೆ ಎಷ್ಟೋ ಸಮ್ಮೇಳನಗಳು ಗಡುವನ್ನು "ಭೂಮಿಯ ಮೇಲೆ ಎಲ್ಲಾದರೂ" ಅಂತ ಹಾಕುತ್ತವೆ. ಅಂದರೆ ಯುಟಿಸಿಗಿಂತ 12 ಗಂಟೆ ಹಿಂದೆ. ಎಲ್ಲಕ್ಕಿಂತ ಕೊನೆಯಲ್ಲಿ ದಿನ ಮುಗಿಯುವ ಜಾಗದಲ್ಲಿ 31 ಮುಗಿಯುವವರೆಗೂ ಸಮಯ ಇದೆ ಅಂತ. ನಮ್ಮ ಲೆಕ್ಕದಲ್ಲಿ ಅದು 1ನೇ ತಾರೀಖು ಸಂಜೆ ಐದೂವರೆ. ಎಲ್ಲರಿಗೂ ಖುಷಿ, ಜಗಳವೇ ಇಲ್ಲ. ಟ್ರಸ್ಟಿನವರೂ ಇದನ್ನೇ ಹಾಕಬಹುದಲ್ವಾ?

ಅಡಿಕೆತೋಟ

ತೀರ್ಥಹಳ್ಳಿ ಟ್ರಸ್ಟ್‌ಗೆ ಭೂಮಿಯೆಲ್ಲ ಯಾಕೆ? ಅರ್ಜಿ ಹಾಕುವವರು ಮೇಗರವಳ್ಳಿ, ಕೋಣಂದೂರು ಮಕ್ಕಳು.

ಕಚೇರಿ_ತೀರ್ಥಹಳ್ಳಿ

ಹೌದು, ಅಷ್ಟು ದೂರ ಬೇಡ. ಸ್ವೀಕೃತಿಗೆ ಏನು ಮಾಡಲಿ? 5:30 ಸೇರಿಸಿ ಅಚ್ಚು ಹಾಕಿದರೆ ಆಯಿತಾ?

ಗಾಜನೂರು ಕಾಲುವೆ

`CONVERT_TZ` ಅಂತ ಇದೆ ಸರ್, ಅದನ್ನೇ ಹಾಕಿ. ಕೈಯಲ್ಲಿ ಕೂಡೋದು ಬೇಡ.

ಕಚೇರಿ_ತೀರ್ಥಹಳ್ಳಿ

ಹಾಕಿದೆ. `CONVERT_TZ(submitted_at, 'UTC', 'Asia/Kolkata')`. ಎಲ್ಲ ಸಾಲಿಗೂ `NULL` ಬಂತು.

ಹಿನ್ನೀರು

ಮೈಎಸ್‌ಕ್ಯೂಎಲ್‌ನಲ್ಲಿ ವಲಯದ ಹೆಸರುಗಳ ಟೇಬಲನ್ನು ಬೇರೆಯಾಗಿ ತುಂಬಿಸಬೇಕು. ತುಂಬಿಸದಿದ್ದರೆ ಹೆಸರು ಗುರುತಾಗದೆ, ತಪ್ಪಾಗಿದೆ ಅಂತಲೂ ಹೇಳದೆ, ಸುಮ್ಮನೆ `NULL` ಕೊಡುತ್ತೆ. ಅಲ್ಲಿ `'+00:00'`, `'+05:30'` ಅಂತ ಹಾಕಿದರೆ ನಡೆಯುತ್ತೆ. ನಮ್ಮ ಅಂತರ ವರ್ಷವಿಡೀ ಅಷ್ಟೇ ಇರೋದರಿಂದ ಇಲ್ಲಿ ಅಂಕಿ ಬರೆದರೂ ಅಪಾಯವಿಲ್ಲ. ಸಾಗರದವರ ಕ್ಲೈಂಟಿಗಾದರೆ ಆಗದು.

ಈಗ ನಿಮ್ಮ ತಕರಾರಿನ ಅರ್ಜಿಗಳ ಪಟ್ಟಿ ತೆಗೆಯೋಣ. ನಮ್ಮ 1ನೇ ತಾರೀಖು ಹುಟ್ಟೋದು ಯುಟಿಸಿಯಲ್ಲಿ 31ರ 18:30ಕ್ಕೆ. ಐದೂವರೆ ಗಂಟೆ ಅಂದರೆ 330 ನಿಮಿಷ.

```
SELECT id, submitted_at,
       submitted_at + INTERVAL 330 MINUTE AS ist
FROM applications
WHERE submitted_at >= '2025-08-31 18:30:00'
ORDER BY submitted_at;
```

ಆ ಹುಡುಗಿಯ ಸಾಲಿನಲ್ಲಿ 20:40ರ ಪಕ್ಕ `2025-09-01 02:10` ಬರಬೇಕು. ಎಸ್‌ಎಂಎಸ್ ಸಮಯಕ್ಕೆ ತಾಳೆಯಾದರೆ ಲೆಕ್ಕ ಸರಿ ಇದೆ ಅಂತ ಅರ್ಥ.

ಒಂದು ಎಚ್ಚರಿಕೆ. 5:30 ಸೇರಿಸುವ ಕೆಲಸ ಒಂದೇ ಕಡೆ ಆಗಬೇಕು. ಡೇಟಾಬೇಸಿನಲ್ಲಿ ಒಮ್ಮೆ ಸೇರಿಸಿ, ಮತ್ತೆ ಪಿಡಿಎಫ್ ಮಾಡುವ ಕೋಡೂ ಸೇರಿಸಿದರೆ 2:10 ಹೋಗಿ 7:40 ಆಗುತ್ತೆ. ಅಚ್ಚಾದ ಸಮಯ ನಿಜಕ್ಕಿಂತ ಐದೂವರೆ ಗಂಟೆ ಹಿಂದಿದ್ದರೆ ಯಾರೂ ಸೇರಿಸಿಲ್ಲ. ಐದೂವರೆ ಗಂಟೆ ಮುಂದಿದ್ದರೆ ಇಬ್ಬರು ಸೇರಿಸಿದ್ದಾರೆ. ಒಂದು ಪರೀಕ್ಷಾ ಅರ್ಜಿ ಹಾಕಿ, ಗಡಿಯಾರ ನೋಡಿ ಬರೆದುಕೊಂಡು ಹೋಲಿಸಿದರೆ ಗೊತ್ತಾಗುತ್ತೆ. ಈ ಪರೀಕ್ಷೆಯನ್ನು ಮಧ್ಯಾಹ್ನ ಮಾಡಬೇಡಿ, ಆಗ ಎರಡೂ ಕಡೆ ತಾರೀಖು ಒಂದೇ ಇರುತ್ತೆ, ಬರೀ ತಾರೀಖು ಅಚ್ಚಾಗುವ ಕಡೆ ತಪ್ಪು ಕಣ್ಣಿಗೆ ಬೀಳೋದಿಲ್ಲ. ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಐದೂವರೆ ಒಳಗೆ ಮಾಡಿ.

ಸ್ವೀಕೃತಿಯಲ್ಲಿ ಸಮಯದ ಪಕ್ಕ "ಭಾರತೀಯ ಕಾಲಮಾನ" ಅಂತ ಕನ್ನಡದಲ್ಲೇ ಅಚ್ಚು ಹಾಕಿಸಿ. ಬರೀ `IST` ಅಂತ ಬೇಡ. ಇಸ್ರೇಲು, ಐರ್ಲೆಂಡಿನವರೂ ಅದೇ ಮೂರಕ್ಷರ ಬಳಸುತ್ತಾರೆ.

ಪಂಚಾಂಗದ ಮಾವ

ಭಾರತೀಯ ಕಾಲಮಾನವೂ ನಮ್ಮದಲ್ಲ ಮಾರಾಯ. ಅದು ಮಿರ್ಜಾಪುರದ ಹತ್ತಿರದ 82.5 ಡಿಗ್ರಿ ರೇಖಾಂಶದ್ದು. ಶಿವಮೊಗ್ಗ ಇರೋದು 75.5ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಸುಮಾರು 28 ನಿಮಿಷ ತಡ. ಅಷ್ಟು ಹೊತ್ತು ಮಕ್ಕಳಿಗೆ ಹೆಚ್ಚಿಗೆ ಕೊಡಬೇಕು.

ನೈಟ್ ಶಿಫ್ಟ್ ಸಾಗರ

ಮಾವನ ಮಾತು ಕೇಳಿದರೆ ತೀರ್ಥಹಳ್ಳಿಗೊಂದು, ಸಾಗರಕ್ಕೊಂದು ಸರ್ವರ್ ಬೇಕಾಗುತ್ತೆ.

@ಹಿನ್ನೀರು, ಒಂದು ಪ್ರಶ್ನೆ. ಗಡುವನ್ನೂ ಡೇಟಾಬೇಸಿನಲ್ಲಿ ಯುಟಿಸಿಯಲ್ಲೇ ಇಡಬೇಕಲ್ವಾ? ನಮ್ಮ ತಂಡದಲ್ಲಿ ಎಲ್ಲವೂ ಯುಟಿಸಿ, ತೋರಿಸುವಾಗ ಮಾತ್ರ ಬದಲಾವಣೆ.

ಹಿನ್ನೀರು

ಆಗಿಹೋದದ್ದಕ್ಕೆ ಒಪ್ಪುತ್ತೇನೆ. ಅರ್ಜಿ ಬಂದ ಗಳಿಗೆ ಬದಲಾಗೋದಿಲ್ಲ. ಮುಂದೆ ಬರುವ ಗಡುವಿಗೆ ನಾನು ಇಲ್ಲಿಯ ಸಮಯ ಮತ್ತು `Asia/Kolkata` ಎರಡನ್ನೂ ಇಡುತ್ತೇನೆ. ಪ್ರಕಟಣೆಯಲ್ಲಿ ಮಾತು ಕೊಟ್ಟಿರೋದು ನಮ್ಮ ಗಡಿಯಾರದ 12ಕ್ಕೆ. ಗಡುವು ಯಾವ ದೇಶದ್ದೋ ಆ ದೇಶದ ಸರ್ಕಾರ ಮಧ್ಯೆ ಸಮಯದ ನಿಯಮ ಬದಲಾಯಿಸಿದರೆ, ಮೊದಲೇ ಯುಟಿಸಿಗೆ ತಿರುಗಿಸಿಟ್ಟ ಅಂಕಿ ಸುಳ್ಳಾಗುತ್ತೆ.

ನೈಟ್ ಶಿಫ್ಟ್ ಸಾಗರ

ಭಾರತದಲ್ಲಿ ಯಾರು ಬದಲಾಯಿಸುತ್ತಾರೆ? ಇಷ್ಟಕ್ಕೆ ಎರಡು ಕಾಲಂ ದಂಡ. ಎಲ್ಲ ಯುಟಿಸಿ ಇದ್ದರೆ ತಲೆನೋವಿಲ್ಲ.

ಹಿನ್ನೀರು

ಟ್ರಸ್ಟ್‌ಗೆ ದಂಡವೇ ಇರಬಹುದು. ನಿಮ್ಮ ಕ್ಲೈಂಟಿಗೆ ಅಲ್ಲ. ನಾನು ಮಾತು ಬದಲಿಸೋದಿಲ್ಲ, ನೀವೂ ಬದಲಿಸೋದಿಲ್ಲ ಬಿಡಿ.

ನಿವೃತ್ತ ಮೇಷ್ಟ್ರು

ಕಂಪ್ಯೂಟರ್ ವಿಷಯ ನನಗೆ ತಿಳಿಯದು. ಆದರೆ ಸ್ವೀಕೃತಿ ಕೊಟ್ಟವರು ಟ್ರಸ್ಟಿನವರು, ಅದರಲ್ಲಿ 31 ಅಂತ ಬರೆದವರೂ ಅವರೇ. ಹುಡುಗಿ ಸುಳ್ಳು ಹೇಳಿಲ್ಲ. ಬಾಗಿಲು ತೆರೆದಿತ್ತು, ಒಳಗೆ ಬಂದಳು. ಆ ಐದಾರು ಅರ್ಜಿಯನ್ನೂ ತೆಗೆದುಕೊಳ್ಳಿ.

ಹೋಂಸ್ಟೇ ಅಕ್ಕ

ನಾನೂ ಅದೇ ಹೇಳೋದು. ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಬರೋದೇ ಎಲ್ಲರೂ ಮಲಗಿದ ಮೇಲೆ. ಬೆಳಗಿನ ಜಾವ ಎರಡಕ್ಕೆ ಎದ್ದು ಕೂತು ಅರ್ಜಿ ಹಾಕಿದ ಮಗುವಿಗೆ ಇಲ್ಲ ಅನ್ನಬೇಡಿ.

ಶಂಕರಘಟ್ಟ

ಅಷ್ಟು ಸುಲಭವಲ್ಲ. 31ರ ರಾತ್ರಿ 11:55ಕ್ಕೆ ನೆಟ್ ಹೋದ ಇನ್ನೊಂದು ಮಗು ಇರುತ್ತೆ. ಪ್ರಕಟಣೆ ನಂಬಿ, "12 ಆಯಿತು, ಮುಗಿಯಿತು" ಅಂತ ಲ್ಯಾಪ್‌ಟಾಪ್ ಮುಚ್ಚಿ ಮಲಗಿರುತ್ತೆ. ನಿಯಮ ನಂಬಿದವರು ಹೊರಗೆ, 12ರ ಮೇಲೂ ಒತ್ತಿ ನೋಡಿದವರು ಒಳಗೆ. ಇದು ನ್ಯಾಯವಾ? ತೆಗೆದುಕೊಳ್ಳೋದಾದರೆ ಎಲ್ಲರಿಗೂ ಎರಡು ದಿನ ಮತ್ತೆ ತೆರೆಯಿರಿ.

ಕಚೇರಿ_ತೀರ್ಥಹಳ್ಳಿ

ಪಟ್ಟಿ ಬಂತು, ಆ ಹುಡುಗಿಯ ಸಾಲಿನಲ್ಲಿ ಸರಿಯಾಗಿ 02:10. ಶಂಕರಘಟ್ಟದವರು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಭಾನುವಾರ ಸಮಿತಿ ಸಭೆ ಇದೆ, ಪಟ್ಟಿಯನ್ನೂ ಎರಡೂ ವಾದವನ್ನೂ ಮುಂದಿಡುತ್ತೇನೆ. ಮರು ತೆರೆಯೋಕೆ ಒಪ್ಪುತ್ತಾರೆ ಅನ್ನೋ ನಂಬಿಕೆ ಇಲ್ಲ.

ಮುಂದಿನ ವರ್ಷ ಗಡುವನ್ನೇ ಸಂಜೆ 5ಕ್ಕೆ ಇಡೋಣ ಅಂತಿದ್ದೇನೆ. ಕಚೇರಿಯಲ್ಲಿ ಜನ ಇರುತ್ತಾರೆ, ಯಾರಿಗಾದರೂ ತೊಂದರೆಯಾದರೆ ಫೋನ್ ಎತ್ತಬಹುದು.

ಹಿನ್ನೀರು

ಒಳ್ಳೆಯದು. `T17:00:00+05:30`. ಇನ್ನೊಂದು ಲಾಭ, "31ರ ರಾತ್ರಿ 12" ಅಂದರೆ ಯಾವ ರಾತ್ರಿ ಅಂತ ಯಾರೂ ಕೇಳೋದಿಲ್ಲ.

ಕಚೇರಿ_ತೀರ್ಥಹಳ್ಳಿ

ಅಂದ ಹಾಗೆ, ನೆನಪಿಸುವ ಎಸ್‌ಎಂಎಸ್ ಮಕ್ಕಳಿಗೆ ಮಧ್ಯಾಹ್ನ ಮೂರೂವರೆಗೆ ಹೋಗುತ್ತಿದೆ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ `0 10 * * *` ಇದೆ. ಬೆಳಿಗ್ಗೆ ಹತ್ತಕ್ಕೆ ಹೋಗಬೇಕಿತ್ತು. ಇದೂ ಅದೇನಾ?

ಅಡಿಕೆತೋಟ

ಅದೇ. ಹತ್ತರಿಂದ ಐದೂವರೆ ಕಳೆಯಿರಿ. `30 4 * * *`. ನೋಡಿ, ಇದಕ್ಕಾದರೂ ನನ್ನ ಕಮಾಂಡ್ ಹಾಕಿದ್ದರೆ ಆಗುತ್ತಿತ್ತು!